ಐಟಿಲ್ ಫೌಂಡೇಶನ್: ಹೆಲ್ಪ್‌ಡೆಸ್ಕ್‌ನವರು ಎಡವುವುದು ಎಲ್ಲಿ?

ಐಟಿಲ್ ಅಂದರೆ ಐಟಿ ಸೇವೆಗಳನ್ನು ನಿರ್ವಹಿಸುವ ಪದ್ಧತಿ, ಫೌಂಡೇಶನ್ ಅದರ ಮೊದಲ ಪರೀಕ್ಷೆ. ದಿನಾ ಟಿಕೆಟ್ ಮುಚ್ಚುವವರೇ ಈ ಪರೀಕ್ಷೆಯಲ್ಲಿ ಜಾಸ್ತಿ ಎಡವುವುದನ್ನು ನೋಡಿದ್ದೇನೆ. ಆಫೀಸಿನ ರೂಢಿಯನ್ನೇ ಉತ್ತರ ಅಂದುಕೊಳ್ಳುತ್ತಾರೆ.

ಮೊದಲು ಲೆಕ್ಕ. ಐಟಿಲ್ 4 ಫೌಂಡೇಶನ್‌ನಲ್ಲಿ 40 ಪ್ರಶ್ನೆ, 60 ನಿಮಿಷ, ಪಾಸಾಗಲು 26 ಸರಿ ಇರಬೇಕು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಪರೀಕ್ಷೆ ನಡೆಸುವುದು ಪೀಪಲ್‌ಸರ್ಟ್, ಮನೆಯಿಂದಲೇ ಬರೆಯಬಹುದು.

ಎರಡನೆಯದು ಓದು. ಏಳು ಮಾರ್ಗದರ್ಶಿ ಸೂತ್ರ, ನಾಲ್ಕು ಆಯಾಮ, ಇವನ್ನು ಬಾಯಿಪಾಠ ಮಾಡಿದರೆ ಆಯಿತು. ‘ಡಂಪ್ಸ್’ ಎಂದು ಮಾರುವ ಪ್ರಶ್ನೆಪಟ್ಟಿಗಳ ತಂಟೆಗೆ ಹೋಗಬೇಡಿ. ನಿಯಮಕ್ಕೆ ವಿರುದ್ಧ, ಜೊತೆಗೆ ತಪ್ಪು ಉತ್ತರಗಳೂ ಅದರಲ್ಲೇ ಇರುತ್ತವೆ.

ಇನ್ನು ನಿಜವಾದ ತೊಡಕು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ವಿಪಿಎನ್ ಸಿಗುತ್ತಿಲ್ಲ ಅಂತ ಕರೆ ಮೇಲೆ ಕರೆ. ಸೇವೆಗೆ ಅಡ್ಡಿಯಾಗಿದೆ, ಇದು ಇನ್ಸಿಡೆಂಟ್. ನೀವು ಇನ್ನೊಂದು ಗೇಟ್‌ವೇಗೆ ಸೇರಿಕೊಳ್ಳಲು ಹೇಳುತ್ತೀರಿ, ಕೆಲಸ ನಡೆಯುತ್ತದೆ. ಅದು ವರ್ಕ್‌ಅರೌಂಡ್, ಇನ್ಸಿಡೆಂಟ್ ಮುಚ್ಚಬಹುದು. ಆದರೆ ಮುಂದಿನ ಸೋಮವಾರವೂ ಅದೇ ಗೋಳು, ಅಲ್ವಾ? ಹಾಗೆ ಆಗಲು ಕಾರಣವಾದದ್ದು ಪ್ರಾಬ್ಲಮ್, ಅದು ಇನ್ನೂ ತೆರೆದೇ ಇದೆ. ಹುಡುಕಿದಾಗ ಏಕಕಾಲಕ್ಕೆ ಸೇರುವವರ ಲೈಸೆನ್ಸ್ ಸಾಲುತ್ತಿಲ್ಲ ಎಂದು ಗೊತ್ತಾಯಿತು, ಇನ್ನೂ ಸರಿಪಡಿಸಿಲ್ಲ: ಈಗ ಅದು ನೋನ್ ಎರರ್. ಲೈಸೆನ್ಸ್ ಹೆಚ್ಚಿಸಿ ಹಾಕುವುದು ಚೇಂಜ್. ಇದೇ ಹೊತ್ತಿಗೆ ಹೊಸದಾಗಿ ಸೇರಿದವರು ವಿಪಿಎನ್ ಕೊಡಿ ಎಂದು ಕೇಳಿದರೆ ಅದು ಸುಮ್ನೆ ಸರ್ವಿಸ್ ರಿಕ್ವೆಸ್ಟ್, ಏನೂ ಕೆಟ್ಟಿಲ್ಲ.

ಇಲ್ಲಿ ಎರಡು ತಪ್ಪು ಮಾಮೂಲಿ. ತುಂಬಾ ಜನಕ್ಕೆ ತೊಂದರೆಯಾದರೆ ಇನ್ಸಿಡೆಂಟ್ ಹೋಗಿ ಪ್ರಾಬ್ಲಮ್ ಆಗುತ್ತದೆ ಅನ್ನುವುದು ಒಂದು. ಆಗುವುದಿಲ್ಲ, ಅದು ಮೇಜರ್ ಇನ್ಸಿಡೆಂಟ್ ಅಷ್ಟೇ. ಮೂಲ ಕಾರಣ ಸಿಗುವವರೆಗೆ ಇನ್ಸಿಡೆಂಟ್ ಮುಚ್ಚಬಾರದು ಅನ್ನುವುದು ಇನ್ನೊಂದು. ಸೇವೆ ಮರಳಿದರೆ ಸಾಕು. ನನ್ನ ಮಾತು ಕೇಳಿ: ಪರೀಕ್ಷೆಗೆ ಮುಂಚೆ ನಿಮ್ಮದೇ ಒಂದು ವಾರದ ಟಿಕೆಟ್‌ಗಳನ್ನು ಈ ಗುಂಪುಗಳಿಗೆ ಹಂಚಿ ನೋಡಿ, ಯಾವುದು ಗೊತ್ತಾಗುತ್ತಿಲ್ಲವೋ ಅದನ್ನೇ ಮತ್ತೆ ಓದಿ. ಪ್ರಶ್ನೆಯಲ್ಲಿ NOT ದಪ್ಪಕ್ಷರದಲ್ಲಿದ್ದರೂ ಅವಸರದಲ್ಲಿ ಕಣ್ತಪ್ಪುತ್ತದೆ, ಹುಷಾರು.

ಕೆಲಸಕ್ಕೆ ಏನು ಉಪಯೋಗ? ಟಿಕೆಟ್ ದಾಖಲಿಸುವ ಸರ್ವಿಸ್‌ನೌ ಸಾಫ್ಟ್‌ವೇರ್‌ನಲ್ಲಿ INC, PRB, CHG ಎಂದು ಶುರುವಾಗುವ ನಂಬರುಗಳು ಇದೇ ವಿಂಗಡಣೆ. ಹಾಗಾಗಿ ಇನ್ಸಿಡೆಂಟ್ ಅಥವಾ ಚೇಂಜ್ ಕೋಆರ್ಡಿನೇಟರ್ ಹುದ್ದೆಯ ಸಂದರ್ಶನದಲ್ಲಿ ಮಾತಾಡಲು ವಿಷಯವಿರುತ್ತದೆ. ನೆಟ್‌ವರ್ಕ್, ಸರ್ವರ್ ಕಡೆ ಹೋಗುವ ಆಸೆ ಇದ್ದರೆ ಈ ದುಡ್ಡು ಅಲ್ಲಿನ ಕೋರ್ಸಿಗೇ ಹಾಕಿ. ಸರ್ಟಿಫಿಕೇಟ್ ಮೂರು ವರ್ಷಕ್ಕೆ ನವೀಕರಿಸಬೇಕು, ಹಾಗಾಗಿ ಹುದ್ದೆ ಬದಲಿಸುವ ಯೋಚನೆ ಹತ್ತಿರವಿದ್ದಾಗಲೇ ಬರೆಯಿರಿ. ವೋಚರ್ ಹಣ ಕಂಪನಿ ಕೊಡುತ್ತದಾ ಅಂತ ಮ್ಯಾನೇಜರ್ ಹತ್ತಿರ ಮೊದಲೇ ಕೇಳಿ, ಕಟ್ಟಿದ ಮೇಲೆ ವಾಪಸ್ ಕೇಳುವುದು ಕಷ್ಟ.