ಜಕ್ಕಾಯನ ಪ್ರಸಂಗಕ್ಕೆ ಹೊಂದಿಸಿ ಬರೆದ ಪಾಪದ ಅರಿಕೆ ಮತ್ತು ಪ್ರತಿವಾಚನ

ಆರಾಧನಾ ಪುಸ್ತಕದಲ್ಲಿ ಅಚ್ಚಾದ ಅರಿಕೆ ಇರುವಾಗ ಹೊಸದನ್ನು ಬರೆಯುವುದೇಕೆ ಎಂಬ ಆಕ್ಷೇಪ ನಮ್ಮ ಸಭಾ ಸಮಿತಿಯಲ್ಲಿ ಬಹುಕಾಲದಿಂದ ಇತ್ತು. ನೂರೈವತ್ತು ಹಾಳೆಗಳ ಜೆರಾಕ್ಸಿಗೆ ಆಗುತ್ತಿದ್ದ ಸುಮಾರು 300 ರೂಪಾಯಿಯನ್ನು ಖಜಾಂಚಿಯವರು ದಂಡವೆಂದೇ ಎಣಿಸುತ್ತಿದ್ದರು. ಅಯ್ಯನವರು ಲೂಕ 19ರ ಜಕ್ಕಾಯನನ್ನು ಕುರಿತು ಪ್ರಸಂಗ ಮಾಡಿದ ಭಾನುವಾರದಿಂದ ಆ ಮಾತು ನಿಂತಿದೆ.

ನಮ್ಮ ಕ್ರಮದಲ್ಲಿ ಅರಿಕೆ ಪ್ರಸಂಗಕ್ಕಿಂತ ಮೊದಲು ಬರುತ್ತದೆ. ನನ್ನ ಮೊದಲ ಕರಡಿನಲ್ಲಿ ‘ಜಕ್ಕಾಯನಂತೆ ನಾಲ್ಕರಷ್ಟು ಹಿಂದಿರುಗಿಸುವೆವು’ ಎಂದಿತ್ತು. ಅದು ಅರಿಕೆಯಾಗದೆ ಪ್ರತಿಜ್ಞೆಯಾಯಿತು, ಪ್ರಸಂಗದ ಕೊನೆಯನ್ನೂ ಮೊದಲೇ ಹೇಳಿಬಿಟ್ಟಿತು. ‘ನಮ್ಮ ದುರಾಶೆಯನ್ನು ಕ್ಷಮಿಸು’ ಎಂಬ ಎರಡನೆಯ ಕರಡು ಯಾರನ್ನೂ ಮುಟ್ಟಲಿಲ್ಲ. ಆಮೇಲೆ ಪರಿಹಾರವನ್ನು ಪ್ರಸಂಗಕ್ಕೆ ಬಿಟ್ಟು, ಜಕ್ಕಾಯನ ಕೈಯಲ್ಲಿ ಅದುವರೆಗೆ ಇದ್ದ ಪರರ ಹಣವನ್ನಷ್ಟೇ ಹಿಡಿದುಕೊಂಡೆ. ಕೂಲಿಯವನ ಕೂಲಿಯನ್ನು ಮರುದಿನದ ತನಕ ಇಟ್ಟುಕೊಳ್ಳಬಾರದೆಂಬ ಯಾಜಕಕಾಂಡ 19:13 ಅಲ್ಲಿಂದ ನೆನಪಿಗೆ ಬಂತು.

ಆದರೆ ನಮ್ಮ ಸಭೆಯಲ್ಲಿ ಮನೆಕೆಲಸದವರನ್ನು ಇಟ್ಟುಕೊಂಡವರೂ ಇದ್ದಾರೆ, ಮನೆಕೆಲಸ ಮಾಡುವವರೂ ಇದ್ದಾರೆ. ‘ಸಂಬಳವನ್ನು ಮುಂದೂಡಿದೆವು’ ಎಂದು ಎಲ್ಲರ ಬಾಯಲ್ಲಿ ಹೇಳಿಸುವುದು ಸರಿಯಲ್ಲ. ಆದ್ದರಿಂದ ನಿರ್ದಿಷ್ಟ ಪಾಪವನ್ನು ನಾಯಕರಿಗೂ ಎಲ್ಲರೂ ಒಪ್ಪಿ ಹೇಳಬಹುದಾದ ಮಾತನ್ನು ಸಭೆಗೂ ಹಂಚಿದೆ:

ನಾಯಕರು: ದುಡಿದವರ ಕೂಲಿ ನಮ್ಮ ಕೈಯಲ್ಲೇ ರಾತ್ರಿ ಕಳೆಯಿತು.
ಸಭೆ: ಕರ್ತನೇ, ಕೊಡಬೇಕಾದದ್ದನ್ನು ಹಿಡಿದಿಟ್ಟುಕೊಂಡೆವು.
ನಾಯಕರು: ಸಾಲ ಕೊಟ್ಟವರ ಕಣ್ಣು ತಪ್ಪಿಸಿ ನಡೆದೆವು.
ಸಭೆ: ಕರ್ತನೇ, ಕೊಡಬೇಕಾದದ್ದನ್ನು ಹಿಡಿದಿಟ್ಟುಕೊಂಡೆವು.

ಸಭೆಯ ಸಾಲು ಏಳೆಂಟು ಪದಗಳನ್ನು ದಾಟಬಾರದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ‘ಮಾಡಿ, ಬಿಟ್ಟು, ಮರೆತು’ ಎಂದು ಸಾಲು ಬೆಳೆದರೆ ಹಿರಿಯರಿಗೆ ಉಸಿರು ಸಾಲದೆ, ‘ಮಾಡಿದೆವು’ ಎನ್ನಬೇಕಾದ ಕಡೆಯಲ್ಲೇ ಧ್ವನಿ ಅಡಗುತ್ತದೆ. ನಾನು ಪ್ರತಿ ಸಾಲನ್ನೂ ಒಂದೇ ಉಸಿರಿನಲ್ಲಿ, ನಿಧಾನವಾಗಿ, ಗಟ್ಟಿಯಾಗಿ ಓದಿ ನೋಡುತ್ತೇನೆ.

ಪ್ರತಿವಾಚನಕ್ಕೆ ಐದೇ ವಚನಗಳಿರುವ 15ನೆಯ ಕೀರ್ತನೆಯನ್ನು ಆರಿಸಿ ಅರಿಕೆಗಿಂತ ಮೊದಲು ಇಟ್ಟೆ, ಏಕೆಂದರೆ ಅದು ಬಡ್ಡಿ ಮತ್ತು ಲಂಚದ ಮಾತಿಗೆ ಬಂದು ಮುಗಿಯುತ್ತದೆ. ಇಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ: ದೇವರ ಗುಡಾರದಲ್ಲಿ ಇಳಿದುಕೊಳ್ಳತಕ್ಕವರು ಯಾರು ಎಂಬ ಮೊದಲ ಪ್ರಶ್ನೆಯನ್ನು ಸಭೆಯೇ ಕೇಳುವಂತೆ, ಉತ್ತರವನ್ನು ನಾಯಕರು ಓದುವಂತೆ ಪಾತ್ರಗಳನ್ನು ಅದಲುಬದಲು ಮಾಡಿದೆ. ಪ್ರಶ್ನೆ ತಮ್ಮದಾದಾಗ ಜನರು ಉತ್ತರಕ್ಕೆ ಕಿವಿಗೊಟ್ಟರು. ಹೆಂಗಸರು ಮತ್ತು ಗಂಡಸರು ಸರದಿಯಲ್ಲಿ ಓದುವ ಹಳೆಯ ಪದ್ಧತಿಯಿಂದ ಈ ಪರಿಣಾಮ ನಮಗೆ ದೊರೆತಿರಲಿಲ್ಲ.

ಅರಿಕೆಯ ನಡುವೆ ಮೌನವನ್ನು ಎಲ್ಲಿ, ಎಷ್ಟು ಹೊತ್ತು ಇಡುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕ್ಷಮೆಯ ಭರವಸೆಯನ್ನು ಮಾತ್ರ ನಾನು ಬರೆಯಲಿಲ್ಲ. ಅಯ್ಯನವರು ಅದಕ್ಕಾಗಿ ಲೂಕ 19:10ನ್ನೇ ಓದಿದರು.

ಆ ದಿನ ಬೆಂಚುಗಳ ಮೇಲೆ ಉಳಿದ ಹಾಳೆಗಳು ಹತ್ತಿಪ್ಪತ್ತು ಇರಬಹುದು. ಉಳಿದವನ್ನೆಲ್ಲ ಜನರು ಮನೆಗೆ ಒಯ್ದಿದ್ದರು. ಈಗ ಅರ್ಧ ಹಾಳೆಯಲ್ಲಿ ಅಚ್ಚು ಮಾಡಿಸುವುದರಿಂದ ಖರ್ಚು ಸುಮಾರು 150 ರೂಪಾಯಿಗೆ ಇಳಿದಿದೆ, ಅದನ್ನು ಖಜಾಂಚಿಯವರೇ ಮುಂಗಡವಾಗಿ ಕೊಡುತ್ತಿದ್ದಾರೆ.