ಕವಳ ಬಿಟ್ಟಿದ್ದಕ್ಕೆ ಹೊಗಳಿದೆ

ಶಿವಮೊಗ್ಗದಲ್ಲಿ ವೈದ್ಯನಾಗಿರುವ ನನ್ನ ಬಳಿಗೆ ಅಡಿಕೆ ಸುಲಿತ ಮುಗಿಯುವ ಹೊತ್ತಿಗೆ ಭುಜನೋವಿನವರು ಸಾಲಾಗಿ ಬರುತ್ತಾರೆ. ತಿಂಗಳುಗಟ್ಟಲೆ ಮೆಟ್ಟುಗತ್ತಿಯ ಮುಂದೆ ಕೂತರೆ ಯಾರ ಭುಜವಾದರೂ ನೋಯುತ್ತದೆ. ಹಾಗಾಗಿ ತೀರ್ಥಹಳ್ಳಿ ಕಡೆಯ ಎಪ್ಪತ್ತೊಂದು ವರ್ಷದ ಆ ಅಮ್ಮ ಸೊಸೆಯ ಜೊತೆ ಬಂದಾಗ ನನಗೂ ಮೊದಲು ಹೊಳೆದದ್ದು ಅದೇ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಆಗಲೇ ಒಬ್ಬರು ಫ್ರೋಜನ್ ಶೋಲ್ಡರ್ ಎಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಇನ್ನೊಬ್ಬರು ಒಂದು ಇಂಜೆಕ್ಷನ್ ಕೊಟ್ಟಿದ್ದರು. ಅದಾದ ಮೇಲೆ ಎರಡು ದಿನ ಸ್ವರ್ಗ, ಮೂರನೆಯ ದಿನ ಮತ್ತೆ ಅದೇ ನರಕ.

ಆ ಎರಡು ದಿನದ ಸ್ವರ್ಗ ನನ್ನ ಕಿವಿ ನಿಮಿರಿಸಿತು. ಇಂಜೆಕ್ಷನ್‌ನಲ್ಲಿ ಸ್ಟೆರಾಯ್ಡ್ ಇದ್ದಿರಬೇಕು. ಮತ್ತೆ ವಿಚಾರಿಸಿದೆ. ನೋವು ಒಂದು ಭುಜದ್ದಲ್ಲ, ಎರಡೂ ಭುಜಗಳದ್ದು. ತೊಡೆಸಂದಿಯೂ ಹಿಡಿದುಕೊಂಡಿತ್ತು. ಶುರುವಾದದ್ದು ನಿಧಾನವಾಗಿ ಅಲ್ಲ, ಸುಮಾರು ಹತ್ತು ದಿನಗಳಲ್ಲಿ. ಬೆಳಗ್ಗೆ ಸೊಸೆ ಬೆನ್ನಿಗೆ ಕೈಕೊಟ್ಟು ಎಬ್ಬಿಸಬೇಕು. ತುರುಬು ಕಟ್ಟಲು ಕೈ ತಲೆಯ ಹಿಂದಕ್ಕೆ ಹೋಗುವುದಿಲ್ಲ. ಹನ್ನೊಂದು ಗಂಟೆಯ ಮೇಲೆ ಮೈ ಬಿಡುತ್ತದೆ. ದುಡಿತದ ನೋವಾದರೆ ಸಂಜೆಗೆ ಹೆಚ್ಚಬೇಕು, ಇದು ಬೆಳಗ್ಗೆ ಹೆಚ್ಚು. ಐವತ್ತು ದಾಟಿದವರಲ್ಲಿ ಹೀಗೆ ಕಂಡರೆ ಪಾಲಿಮಯಾಲ್ಜಿಯಾ ರುಮ್ಯಾಟಿಕಾ ನೆನಪಾಗಬೇಕು.

ಹೆಸರಿನಲ್ಲಿ ಸ್ನಾಯುನೋವು ಎಂದಿದ್ದರೂ ಸ್ನಾಯುವಿನ ತಪ್ಪೇನಿಲ್ಲ. ಉರಿಯೂತ ಇರುವುದು ಕೀಲಿನ ಸುತ್ತಲಿನ ದ್ರವಚೀಲಗಳಲ್ಲಿ, ಸ್ನಾಯುರಜ್ಜುಗಳ ಹೊದಿಕೆಯಲ್ಲಿ. ಮೊಣಕೈಯನ್ನು ಆಧಾರವಾಗಿ ಹಿಡಿದು ಬಲ ಪರೀಕ್ಷಿಸಿದಾಗ ಅಮ್ಮನ ತೋಳಿನಲ್ಲಿ ಬಲ ಸರಿಯಾಗಿಯೇ ಇತ್ತು. ನೋವು ಎತ್ತಲು ಬಿಡುತ್ತಿರಲಿಲ್ಲ, ಅಷ್ಟೆ.

ರಕ್ತದಲ್ಲಿ ಇಎಸ್‌ಆರ್ 92. ಹೆಂಗಸರಲ್ಲಿ ವಯಸ್ಸಿಗೆ ಹತ್ತು ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಮಿತಿ ಎಂದು ಹಿಡಿಯುವುದು ನನ್ನ ರೂಢಿ. ಇವರಿಗೆ ಅದು ನಲವತ್ತರ ಆಸುಪಾಸು. ಆದರೆ ರಕ್ತಹೀನತೆ ಇದ್ದರೂ ಇಎಸ್‌ಆರ್ ಏರುತ್ತದೆ, ಹಿಮೋಗ್ಲೋಬಿನ್ 10 ಇದ್ದ ಇವರಲ್ಲಿ ಅದೊಂದನ್ನೇ ನಂಬುವಂತಿರಲಿಲ್ಲ. ಸಿಆರ್‌ಪಿ 64 ಬಂದ ಮೇಲೆ ಧೈರ್ಯವಾಯಿತು. ಇವೆರಡೂ ಉರಿಯೂತ ಇದೆ ಎನ್ನುತ್ತವೆ, ಯಾವುದು ಎನ್ನುವುದಿಲ್ಲ. ಉಳಿದದ್ದನ್ನು ಒಂದೊಂದಾಗಿ ಕಳೆಯಬೇಕು. ರುಮಟಾಯ್ಡ್ ಸಂಧಿವಾತದ ಪರೀಕ್ಷೆಗಳು, ಥೈರಾಯ್ಡ್, ಸ್ನಾಯು ಹಾನಿ ತೋರಿಸುವ ಸಿಕೆ, ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗಾಗಿ ಪ್ರೋಟೀನ್ ಪರೀಕ್ಷೆ, ಎದೆಯ ಎಕ್ಸ್‌ರೇ, ಎಲ್ಲವೂ ಸರಿಯಾಗಿದ್ದವು. ಮನೆಯಲ್ಲಿ ದನ ಇರುವುದರಿಂದ ಬ್ರುಸೆಲ್ಲಾ ಪರೀಕ್ಷೆಯನ್ನೂ ಮಾಡಿಸಿದೆ. ಮಲೆನಾಡಿನಲ್ಲಿ ಅದನ್ನು ಬಿಡಲು ನನಗೆ ಮನಸ್ಸು ಬರುವುದಿಲ್ಲ.

ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ 15 ಮಿಲಿಗ್ರಾಂ, ದಿನಕ್ಕೊಮ್ಮೆ, ಬೆಳಗ್ಗೆ ತಿಂಡಿಯ ನಂತರ, ಶುರುಮಾಡಿದೆ. ಸಾಮಾನ್ಯವಾಗಿ 12.5ರಿಂದ 25ರೊಳಗೆ ಆರಂಭಿಸುತ್ತೇವೆ. ನಾನು ಕೆಳಗಿನ ತುದಿಗೆ ಹತ್ತಿರ ಇರುವುದಕ್ಕೆ ಕಾರಣವಿದೆ. 40 ಮಿಲಿಗ್ರಾಂ ಕೊಟ್ಟರೆ ರುಮಟಾಯ್ಡ್ ಇರಲಿ, ಬೇರೆ ಯಾವ ಉರಿಯೂತವಿರಲಿ, ಎಲ್ಲದಕ್ಕೂ ಹಾಯೆನಿಸುತ್ತದೆ. ಆಗ ಗುಣ ಕಂಡಿದ್ದರಿಂದ ಏನೂ ತಿಳಿದಂತಾಗುವುದಿಲ್ಲ. ಸಣ್ಣ ಡೋಸ್‌ಗೆ ಒಂದು ವಾರದೊಳಗೆ ಮುಕ್ಕಾಲು ಭಾಗ ನೋವು ಹೋಗದಿದ್ದರೆ ನನ್ನ ರೋಗನಿರ್ಣಯವನ್ನೇ ಮತ್ತೆ ಪರೀಕ್ಷಿಸಬೇಕು. ಗುಣವಾದರೂ ಅದು ಮುದ್ರೆಯಲ್ಲ. ಹೀಗೆಯೇ ಚೆನ್ನಾಗಿ ಗುಣ ಕಂಡ ಇನ್ನೊಬ್ಬರಿಗೆ ಡೋಸ್ ಇಳಿಸುತ್ತಿದ್ದಂತೆ ಮಣಿಕಟ್ಟು ಊದಿಕೊಂಡಿತು. ಅವರದು ತಡವಾಗಿ ಬಂದ ರುಮಟಾಯ್ಡ್ ಆಗಿತ್ತು.

ಮೂರನೆಯ ದಿನ ಅಮ್ಮನೇ ಫೋನ್ ಮಾಡಿದರು. "ಡಾಕ್ಟರೇ, ಇವತ್ತು ನಾನೇ ತುರುಬು ಕಟ್ಟಿಕೊಂಡೆ." ಎರಡು ವಾರಕ್ಕೆ ಸಿಆರ್‌ಪಿ 9ಕ್ಕೆ ಇಳಿಯಿತು. ನನಗೂ ಖುಷಿಯಾಗಿತ್ತು.

ನಾನು ಎಡವಿದ್ದು ಇದಕ್ಕೂ ಮೊದಲೇ, ಮೊದಲ ಭೇಟಿಯಲ್ಲಿಯೇ. ಪಾಲಿಮಯಾಲ್ಜಿಯಾ ಇರುವವರಲ್ಲಿ ಹತ್ತರಲ್ಲಿ ಒಬ್ಬಿಬ್ಬರಿಗೆ ಜೈಂಟ್ ಸೆಲ್ ಆರ್ಟರೈಟಿಸ್ ಎಂಬ ರಕ್ತನಾಳದ ಉರಿಯೂತವೂ ಇರುತ್ತದೆ ಅಥವಾ ಮುಂದೆ ಬರುತ್ತದೆ. ಅದು ಕಣ್ಣಿನ ನರಕ್ಕೆ ಹೋಗುವ ನಾಳವನ್ನು ಮುಚ್ಚಿದರೆ ದೃಷ್ಟಿ ಹೋಗುತ್ತದೆ, ಹೋದದ್ದು ಸಾಮಾನ್ಯವಾಗಿ ಮರಳುವುದಿಲ್ಲ. ಹಾಗಾಗಿ ಹೊಸ ತಲೆನೋವು ಇದೆಯೇ, ಬಾಚುವಾಗ ನೆತ್ತಿ ನೋಯುತ್ತದೆಯೇ, ಕಣ್ಣು ಮಂಜಾಗುತ್ತದೆಯೇ, ಊಟ ಅಗಿಯುವಾಗ ದವಡೆ ನೋಯುತ್ತದೆಯೇ ಎಂದು ಕೇಳಿದ್ದೆ. ಎಲ್ಲದಕ್ಕೂ ಇಲ್ಲ ಎಂದಿದ್ದರು, ನಾನೂ ಹಾಗೆಯೇ ಬರೆದುಕೊಂಡಿದ್ದೆ. ಮಾತಿನ ನಡುವೆ ಸೊಸೆ, "ಅತ್ತೆ ಕವಳ ಬಿಟ್ಟು ಮೂರು ವಾರ ಆಯಿತು" ಎಂದಿದ್ದರು. ಎಲೆ-ಅಡಿಕೆ ಜಗಿದು ಬಂದ ಬಾಯಿಯ ಕ್ಯಾನ್ಸರ್ ನೋಡಿ ಬೇಸತ್ತವನು ನಾನು, "ತುಂಬಾ ಒಳ್ಳೆಯದಾಯಿತು ಅಮ್ಮ" ಎಂದು ಹೊಗಳಿ ಕಳುಹಿಸಿದ್ದೆ.

ಐದನೆಯ ವಾರ ಡೋಸ್ 12.5ಕ್ಕೆ ಇಳಿದಿತ್ತು. ಭುಜ ಚೆನ್ನಾಗಿತ್ತು, ಆದರೆ ಸಿಆರ್‌ಪಿ 31, ಇಎಸ್‌ಆರ್ 58. ಎಲ್ಲಿಯಾದರೂ ಸೋಂಕಿದೆಯೇ ಎಂದು ಮೂತ್ರ ಪರೀಕ್ಷಿಸಿದೆ, ಹಲ್ಲು ನೋಡಿದೆ. ಹಲ್ಲು ನೋಡುವಾಗಲೇ ಕೇಳಿದ್ದು, "ಅಮ್ಮ, ಕವಳ ಯಾಕೆ ಬಿಟ್ಟಿರಿ?"

"ಜಗಿಯಲು ಆಗುವುದಿಲ್ಲವಲ್ಲ. ಬಾಯಿಗೆ ಹಾಕಿ ಎರಡು ನಿಮಿಷಕ್ಕೆ ದವಡೆ ಸೋತುಬಿಡುತ್ತದೆ, ಉಗುಳಿ ಸುಮ್ಮನೆ ಕೂತರೆ ಸರಿಯಾಗುತ್ತದೆ."

ಹಲ್ಲಿನ ನೋವು ಕಚ್ಚಿದ ಕೂಡಲೇ ಬರುತ್ತದೆ. ದುಡಿದ ಮೇಲೆ ಬಂದು, ವಿಶ್ರಾಂತಿಗೆ ಹೋಗುವ ನೋವು ರಕ್ತ ಸಾಲದ ಸ್ನಾಯುವಿನದು. ಗಂಜಿ, ಮೆತ್ತಗಿನ ಅನ್ನ ಉಣ್ಣುವವರಿಗೆ ಊಟದಲ್ಲಿ ಅದು ತಿಳಿಯುವುದೇ ಇಲ್ಲ. ಕವಳಕ್ಕೆ ಮಾತ್ರ ದವಡೆ ಅಷ್ಟು ಹೊತ್ತು ದುಡಿಯಬೇಕು. ನಾನು ಕೇಳಿದ್ದು ಊಟವನ್ನು, ಉತ್ತರ ಇದ್ದದ್ದು ಎಲೆ-ಅಡಿಕೆ ತಟ್ಟೆಯಲ್ಲಿ. ಬಲಗಡೆಯಲ್ಲಿ, ಕಿವಿಯ ಮುಂದಿನಿಂದ ಹಣೆಗೆ ಹೋಗುವ ನಾಳ ಬೆರಳಿಗೆ ಗಟ್ಟಿ ದಾರದಂತೆ ಸಿಕ್ಕಿತು. ಎಡಗಡೆಯಲ್ಲಿ ಸ್ಪಷ್ಟವಾಗಿದ್ದ ಮಿಡಿತ ಇಲ್ಲಿ ಕೈಗೆ ಹತ್ತಲಿಲ್ಲ. ಒತ್ತಿದರೆ ಮುಖ ಕಿವುಚಿದರು.

ಪಾಲಿಮಯಾಲ್ಜಿಯಾದ ಡೋಸ್ ಭುಜಕ್ಕೆ ಸಾಕು, ನಾಳಕ್ಕೆ ಸಾಲದು. ಭುಜ ಗುಣವಾದದ್ದೇ ನನ್ನ ಕಣ್ಣಿಗೆ ಮಣ್ಣೆರಚಿತ್ತು. ಆ ಮಧ್ಯಾಹ್ನವೇ ಅವರ ತೂಕ ನೋಡಿ 50 ಮಿಲಿಗ್ರಾಂ ನುಂಗಿಸಿದೆ, ಬಯಾಪ್ಸಿಗಾಗಿ ಕಾಯಲಿಲ್ಲ. ಕಣ್ಣು ಒಂದು ಕ್ಷಣ ಮಸುಕಾಗಿದ್ದರೂ ದಾಖಲಿಸಿಕೊಂಡು ಮೀಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್ ಹಾಕಿಸುತ್ತಿದ್ದೆ. ಕಣ್ಣಿನ ವೈದ್ಯರು ನೋಡಿ, ನರ ಸರಿಯಿದೆ ಎಂದರು. ನಾಳದ ತುಣುಕು ತೆಗೆಸಿದ್ದು ಆರನೆಯ ದಿನ. ಸ್ಟೆರಾಯ್ಡ್ ಶುರುವಾಗಿ ಒಂದೆರಡು ವಾರವಾದರೂ ಬಯಾಪ್ಸಿಯಲ್ಲಿ ಗುರುತು ಉಳಿದಿರುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ನಾಳದ ಸುತ್ತ ಕಾಣುವ ಕಪ್ಪು ಉಂಗುರ ಅದಕ್ಕಿಂತ ಬೇಗ ಮಾಯವಾಗಬಹುದು, ಅದನ್ನು ಓದಲು ಪಳಗಿದ ಕೈಯೂ ಬೇಕು. ವರದಿಯಲ್ಲಿ ರೋಗಕ್ಕೆ ಹೆಸರು ಕೊಟ್ಟ ದೈತ್ಯ ಕೋಶಗಳು ಇದ್ದವು. ಇಲ್ಲದಿದ್ದರೂ ಔಷಧ ನಿಲ್ಲಿಸುತ್ತಿರಲಿಲ್ಲ, ಏಕೆಂದರೆ ಉರಿಯೂತ ನಾಳದುದ್ದಕ್ಕೂ ಇರುವುದಿಲ್ಲ, ತೆಗೆದ ತುಣುಕಿನಲ್ಲಿ ಸಿಗದೆಯೂ ಹೋಗಬಹುದು.

ದವಡೆ ನಾಲ್ಕೇ ದಿನಕ್ಕೆ ಸರಿಯಾಯಿತು. ಸಕ್ಕರೆ ಏರಿತು, ಅದಕ್ಕೆ ಮಾತ್ರೆ. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ವಾರಕ್ಕೊಂದು ಅಲೆಂಡ್ರೊನೇಟ್. ಮೂರು ತಿಂಗಳಿಗೆ 20 ಮಿಲಿಗ್ರಾಂಗೆ, ಒಂದು ವರ್ಷದ ಹೊತ್ತಿಗೆ 5ಕ್ಕೆ ಇಳಿಸಿದ್ದೇವೆ. ನಡುವೆ ಒಮ್ಮೆ ಮಾತ್ರೆ ಖಾಲಿಯಾಗಿ, ಮಳೆಗೆ ಹೊರಬರಲಾಗದೆ ಎರಡು ದಿನ ಬಿಟ್ಟಾಗ ಸುಸ್ತಾಗಿ ಮಲಗಿದ್ದರು. ಆಮೇಲೆ ಮನೆಯಲ್ಲಿ ಯಾವಾಗಲೂ ಒಂದು ತಿಂಗಳ ಮಾತ್ರೆ ಹೆಚ್ಚಾಗಿ ಇರುವಂತೆ ನೋಡಿಕೊಂಡಿದ್ದೇವೆ.

ಅಮ್ಮ ಮತ್ತೆ ಕವಳ ಹಾಕುತ್ತಿದ್ದಾರೆ. ಹೊಗೆಸೊಪ್ಪು ಬೇಡ ಎಂದಷ್ಟೇ ಹೇಳಿ ಬಿಟ್ಟಿದ್ದೇನೆ. ಅವರ ಕಡತದಲ್ಲಿ ಸಿಆರ್‌ಪಿಯ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯುತ್ತೇನೆ. ಕಳೆದ ವಾರದ್ದು: "ಕವಳ, ಹದಿನೈದು ನಿಮಿಷ, ನೋವಿಲ್ಲ."