ಒಂದೇ ವಿಡಿಯೋ ಎರಡು ಕಡೆ ಕೂತು ಫೋನ್ ತುಂಬಿಸಿತ್ತು

64 ಜಿಬಿ ಫೋನು. ಮದುವೆ ವಿಡಿಯೋಗಳು ಗೂಗಲ್ ಡ್ರೈವ್‌ನಲ್ಲಿದ್ದವು, ಒಟ್ಟು 6 ಜಿಬಿ. ಊರಲ್ಲಿ ನೆಟ್‌ವರ್ಕ್ ಇರಲ್ಲ ಅಂತ ಎಲ್ಲಕ್ಕೂ Make available offline ಕೊಟ್ಟೆ. ಆದರೆ ಪೆನ್‌ಡ್ರೈವ್‌ಗೆ ಹಾಕೋಣ ಅಂದರೆ ಫೈಲ್ಸ್ ಆ್ಯಪ್‌ನಲ್ಲಿ ಒಂದೂ ಕಾಣಲಿಲ್ಲ. ಹಾಗಾಗಿ Download ಕೂಡ ಒತ್ತಿದೆ. 12 ಜಿಬಿ ಹೋಯಿತು!

ಕ್ಯಾಶ್ ಅಳಿಸಿದೆ, ಜಾಗ ಅಷ್ಟೇನೂ ಬರಲಿಲ್ಲ. ಫೋನ್ ರೀಸ್ಟಾರ್ಟ್ ಮಾಡಿದ್ದು ಸುಮ್ನೆ. ಡ್ರೈವ್ ಒಳಗೇ ಡಿಲೀಟ್ ಮಾಡೋಕೆ ಹೋಗಿದ್ದೆ, ಪುಣ್ಯಕ್ಕೆ ನಿಂತೆ. ಹಾಗೆ ಮಾಡಿದರೆ ಕ್ಲೌಡ್‌ನಲ್ಲಿರುವ ಮೂಲ ಫೈಲೇ ಬಿನ್‌ಗೆ ಹೋಗುತ್ತದೆ.

ವಿಷಯ ಇಷ್ಟೇ. ಆಫ್‌ಲೈನ್ ಪ್ರತಿ ಇರುವುದು ಡ್ರೈವ್ ಆ್ಯಪ್‌ನ ಸ್ವಂತ ಜಾಗದಲ್ಲಿ, ಬೇರೆ ಆ್ಯಪ್‌ಗೆ ಕಾಣಲ್ಲ. ಆ್ಯಪ್ ತೆಗೆದರೆ ಅದೂ ಹೋಗುತ್ತದೆ. ಡೌನ್‌ಲೋಡ್ ಮಾಡಿದ್ದು Download ಫೋಲ್ಡರ್‌ಗೆ ಬೀಳುವ ಬೇರೆಯೇ ಪ್ರತಿ. ಕ್ಲೌಡ್‌ನಲ್ಲಿ ಫೈಲ್ ಬದಲಾದರೆ ಇದು ಬದಲಾಗಲ್ಲ.

ಸರಿಹೋದದ್ದು ಈ ಕ್ರಮದಲ್ಲಿ. ಮೊದಲು ಏರ್‌ಪ್ಲೇನ್ ಮೋಡ್ ಹಾಕಿ, ಫೈಲ್ಸ್ ಆ್ಯಪ್‌ನಿಂದ ಡೌನ್‌ಲೋಡ್ ಆದ ಒಂದೊಂದು ವಿಡಿಯೋವನ್ನೂ ತೆರೆದು, ಕೊನೆಯವರೆಗೆ ಓಡಿಸಿ ನೋಡಿದೆ. ಒಂದು ಅರ್ಧಕ್ಕೇ ನಿಂತಿತು, ಅದನ್ನು ಮತ್ತೆ ಇಳಿಸಿಕೊಂಡೆ. ಆಮೇಲೆ ಡ್ರೈವ್‌ನ ಎಡಬದಿಯ ಮೆನುವಿನಲ್ಲಿ Offline ತೆರೆದೆ. ಪ್ರತಿ ಫೈಲ್‌ನ ಮೂರು ಚುಕ್ಕೆ ಒತ್ತಿ ಆಫ್‌ಲೈನ್ ಆಯ್ಕೆಯನ್ನಷ್ಟೇ ತೆಗೆದೆ, ಬರೀ Remove ಅಂತ ಇದ್ದದ್ದನ್ನು ಮುಟ್ಟಲಿಲ್ಲ. ಸೆಟ್ಟಿಂಗ್ಸ್‌ನ ಆ್ಯಪ್ಸ್‌ನಲ್ಲಿ ಡ್ರೈವ್‌ನ ಸ್ಟೋರೇಜ್ ನೋಡಿದರೆ ಹೆಚ್ಚುಕಮ್ಮಿ 6 ಜಿಬಿ ಇಳಿದಿತ್ತು.

ಬರೀ ನೋಡೋಕೆ, ಓದೋಕೆ ಆದರೆ ಆಫ್‌ಲೈನ್ ಒಂದೇ ಸಾಕು.